ಜೀರ್ಣಕ್ರಿಯೆ ಮತ್ತು ಸಣ್ಣಕರುಳಿನ ಹೀರಿಕೆ

ತಿಂದ ಆಹಾರದ ದೊಡ್ಡ ಅಣುಗಳನ್ನು ಕರುಳಿನ ಗೋಡೆ ದಾಟಬಲ್ಲಷ್ಟು ಸಣ್ಣ ಅಣುಗಳಾಗಿ ಒಡೆಯುವ ಕ್ರಿಯೆಗೆ ಜೀರ್ಣಕ್ರಿಯೆ ಅಥವಾ ಪಚನ ಎಂದು ಹೆಸರು. ಹಾಗೆ ಒಡೆದ ಅಣುಗಳು ಕರುಳಿನ ಒಳಪದರದ ಜೀವಕೋಶಗಳ ಮೂಲಕ ರಕ್ತಕ್ಕೋ ದುಗ್ಧರಸಕ್ಕೋ ಸೇರುವುದು ಹೀರಿಕೆ. ಇವೆರಡೂ ಬೇರೆ ಬೇರೆ ಕೆಲಸಗಳು. ಮನುಷ್ಯನಲ್ಲಿ ಪಚನ ಬಾಯಿಯಲ್ಲೇ ಶುರುವಾಗುತ್ತದೆ. ಹೀರಿಕೆ ಮಾತ್ರ ಬಹುಮಟ್ಟಿಗೆ ಸಣ್ಣಕರುಳಿನಲ್ಲಿ ನಡೆಯುತ್ತದೆ.

ಆಡುಮಾತಿನಲ್ಲಿ ‘ಹೊಟ್ಟೆ’ ಎಂದರೆ ಜಠರವೂ ಹೌದು, ಕರುಳೂ ಹೌದು, ಇಡೀ ಉದರವೂ ಹೌದು. ಈ ಲೇಖನದಲ್ಲಿ ಅನ್ನನಾಳದ ಕೆಳಗಿರುವ ಚೀಲಕ್ಕೆ ಜಠರ ಎಂದೂ, ಜಠರದ ತುದಿಯಿಂದ ದೊಡ್ಡಕರುಳಿನವರೆಗಿನ ಕೊಳವೆಗೆ ಸಣ್ಣಕರುಳು ಎಂದೂ ಹೇಳಿದೆ. ಈ ಭೇದ ಮುಖ್ಯ. ಕ್ಯಾನ್ಸರಿನಿಂದಾಗಿ ಜಠರವನ್ನು ಪೂರ್ತಿ ತೆಗೆಸಿಕೊಂಡವರು ಸ್ವಲ್ಪಸ್ವಲ್ಪವೇ ಉಂಡು, ಬಿ12 ಚುಚ್ಚುಮದ್ದು ತೆಗೆದುಕೊಂಡು ವರ್ಷಗಟ್ಟಲೆ ಬದುಕುತ್ತಾರೆ. ದೊಡ್ಡಕರುಳಿಲ್ಲದೆಯೂ ಬದುಕಬಹುದು. ಸಣ್ಣಕರುಳು ಇಲ್ಲದವರಿಗೆ ಆಹಾರವನ್ನು ನೇರವಾಗಿ ರಕ್ತನಾಳಕ್ಕೇ ಕೊಡಬೇಕಾಗುತ್ತದೆ.

ಅಧ್ಯಯನದ ಇತಿಹಾಸ

ಜಠರವು ಆಹಾರವನ್ನು ಅರೆಯುತ್ತದೆಯೋ, ಕೊಳೆಸುತ್ತದೆಯೋ, ಕರಗಿಸುತ್ತದೆಯೋ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. 1752ರಲ್ಲಿ ಫ್ರಾನ್ಸಿನ ರೆಯೊಮುರ್ ಲೋಹದ ಸಣ್ಣ ಕೊಳವೆಯೊಳಗೆ ಮಾಂಸ ತುಂಬಿ ತಾನು ಸಾಕಿದ್ದ ಹದ್ದಿಗೆ ನುಂಗಿಸಿದ. ಹದ್ದು ಕಕ್ಕಿದ ಕೊಳವೆಗೆ ಏನೂ ಆಗಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗಿತ್ತು. ಅರೆಯುವಿಕೆ ಇಲ್ಲದೆಯೂ ರಸವೇ ಈ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1824ರಲ್ಲಿ ವಿಲಿಯಂ ಪ್ರೌಟ್ ತೋರಿಸಿದ. 1836ರಲ್ಲಿ ಥಿಯೊಡೋರ್ ಶ್ವಾನ್ ಅದರಲ್ಲಿನ ಪೆಪ್ಸಿನ್ ಎಂಬ ಕಿಣ್ವವನ್ನು ಗುರುತಿಸಿದ.

ಇದೇ ಅವಧಿಯಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್‌ಗೆ ಒಂದು ವಿಚಿತ್ರ ಅವಕಾಶ ಸಿಕ್ಕಿತು. 1822ರಲ್ಲಿ ಗುಂಡೇಟು ತಿಂದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಗಾಯ ಮಾಯಿತಾದರೂ ಜಠರಕ್ಕೆ ಹೊರಗಿನಿಂದ ಒಂದು ತೂತು ಉಳಿದುಬಿಟ್ಟಿತು. ಬ್ಯೂಮಾಂಟ್ ರೇಷ್ಮೆದಾರಕ್ಕೆ ಮಾಂಸದ ತುಣುಕು ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು, ಗಂಟೆಗಂಟೆಗೂ ಎಳೆದು ನೋಡಿ ಬರೆದಿಟ್ಟ. 1833ರಲ್ಲಿ ಪ್ರಕಟವಾದ ಅವನ ಪುಸ್ತಕ ಜಠರದ ಬಗ್ಗೆ ಹೇಳಿದ್ದು ಬಹಳ. ಜನರ ಗಮನವೆಲ್ಲ ಜಠರದ ಮೇಲೇ ನಿಲ್ಲಲು ಇಂಥ ಪ್ರಯೋಗಗಳೂ ಒಂದು ಕಾರಣವಿದ್ದೀತು.

ಹೀರಿಕೆಯ ಸುಳಿವು ಅದಕ್ಕಿಂತ ಇನ್ನೂರು ವರ್ಷ ಹಿಂದೆಯೇ ಸಿಕ್ಕಿತ್ತು. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ, ಆಗತಾನೇ ಉಂಡಿದ್ದ ನಾಯಿಯೊಂದರ ಉದರ ಸೀಳಿದಾಗ ಕರುಳನ್ನು ಹಿಡಿದಿರುವ ಪೊರೆಯಲ್ಲಿ ಬಿಳಿಯ ಎಳೆಗಳನ್ನು ಕಂಡ. ನರಗಳೆಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಸುರಿಯಿತು. ಉಪವಾಸವಿದ್ದ ನಾಯಿಯಲ್ಲಿ ಅವು ಕಾಣಲಿಲ್ಲ. ಕೊಬ್ಬು ಹೊತ್ತೊಯ್ಯುವ ಈ ದುಗ್ಧನಾಳಗಳಿಗೆ ಲ್ಯಾಕ್ಟಿಯಲ್ ಎಂಬ ಹೆಸರು ಈಗಲೂ ಇದೆ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನರಗಳನ್ನೆಲ್ಲ ಕತ್ತರಿಸಿದ ಕರುಳಿನ ತುಂಡಿಗೆ ಆಮ್ಲ ಹಾಕಿದರು. ಆದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸಂದೇಶ ರಕ್ತದ ಮೂಲಕ ಹೋಗಿತ್ತು. ಆ ಸಂದೇಶದ ವಸ್ತು ಸೆಕ್ರೆಟಿನ್. ಹಾರ್ಮೋನ್ ಎಂಬ ಕಲ್ಪನೆ ಹುಟ್ಟಿದ್ದೇ ಅಲ್ಲಿಂದ.

ಬಾಯಿ ಮತ್ತು ಜಠರದ ಪಾತ್ರ

ಒಂದು ಬಟ್ಟಲು ಅನ್ನ, ತೊವ್ವೆ, ಮೇಲೊಂದು ಚಮಚ ತುಪ್ಪ: ಈ ಊಟವನ್ನೇ ಹಿಂಬಾಲಿಸಿದರೆ ಪಿಷ್ಟ, ಪ್ರೋಟೀನು, ಕೊಬ್ಬು ಮೂರರ ದಾರಿಯೂ ಕಾಣುತ್ತದೆ. ಅಂಥ ಬಟ್ಟಲಿನ ಅನ್ನದಲ್ಲಿ ಸುಮಾರು 40 ಗ್ರಾಂ ಪಿಷ್ಟವಿರುತ್ತದೆ.

ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟದ ಉದ್ದ ಸರಪಣಿಯನ್ನು ತುಂಡರಿಸುತ್ತದೆ. ಅನ್ನವನ್ನು ತುಂಬ ಹೊತ್ತು ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ನುಂಗಿದ ತುತ್ತಿನ ನಡುವಿಗೆ ಜಠರದ ಆಮ್ಲ ಇಳಿಯುವವರೆಗೂ ಈ ಕಿಣ್ವ ಕೆಲಸ ಮಾಡುತ್ತಲೇ ಇರುತ್ತದೆ, ಆಮೇಲೆ ನಿಲ್ಲುತ್ತದೆ.

ಜಠರ ಮುಖ್ಯವಾಗಿ ಉಗ್ರಾಣ ಮತ್ತು ಕಡೆಗೋಲು. ಆಹಾರವನ್ನು ಆಮ್ಲದೊಂದಿಗೆ ಕಲಸಿ ಗಂಜಿಯಂತೆ ಮಾಡುತ್ತದೆ, ಅದರೊಂದಿಗೆ ಬಂದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ಬೇಳೆಯ ಪ್ರೋಟೀನನ್ನು ಪೆಪ್ಸಿನ್ ಒಡೆಯಲು ಶುರುಮಾಡುತ್ತದೆ, ಮುಗಿಸುವುದಿಲ್ಲ. ಜಠರದ ತುದಿಯ ಕವಾಟ ಸುಮಾರು ಎರಡು ಮಿಲಿಮೀಟರಿಗಿಂತ ಸಣ್ಣದಾದ ಕಣಗಳನ್ನಷ್ಟೇ ಸುಲಭವಾಗಿ ಮುಂದೆ ಬಿಡುತ್ತದೆ. ದಪ್ಪ ಚೂರುಗಳು ಹಿಂದಕ್ಕೆ ಬಂದು ಮತ್ತೆ ಕಡೆಯಲ್ಪಡುತ್ತವೆ. ಇಂಥ ಊಟ ಜಠರದಿಂದ ಪೂರ್ತಿ ಖಾಲಿಯಾಗಲು ಮೂರು ನಾಲ್ಕು ಗಂಟೆ ಬೇಕು.

ಎಷ್ಟು ವೇಗವಾಗಿ ಖಾಲಿಯಾಗಬೇಕು ಎಂಬುದನ್ನು ತೀರ್ಮಾನಿಸುವುದು ಜಠರವಲ್ಲ, ಅದರ ಮುಂದಿನ ಸಣ್ಣಕರುಳು. ತುಪ್ಪದ ಕೊಬ್ಬು ಕರುಳಿನ ಮೊದಲ ಭಾಗಕ್ಕೆ ತಾಗಿದಾಗ ಅಲ್ಲಿನ ಕೋಶಗಳು ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಜಠರದ ಓಟಕ್ಕೆ ಕಡಿವಾಣ ಹಾಕುತ್ತದೆ. ಕರಿದ ತಿಂಡಿ ತಿಂದ ಮೇಲೆ ಬಹಳ ಹೊತ್ತು ಹೊಟ್ಟೆ ಭಾರವಾಗಿರುವುದಕ್ಕೆ ಕಾರಣ ಇದು.

ಜಠರ ತಾನೇ ಏಕೆ ಹೀರಿಕೊಳ್ಳುವುದಿಲ್ಲ? ಅಲ್ಲಿ ಆಹಾರ ಇನ್ನೂ ಸಾಕಷ್ಟು ಒಡೆದಿರುವುದಿಲ್ಲ. ಅದರ ಒಳಮೈಗೆ ತನ್ನದೇ ಆಮ್ಲದಿಂದ ಪಾರಾಗಲು ದಪ್ಪ ಲೋಳೆಯ ಲೇಪವಿದೆ, ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿವೆ. ಸಕ್ಕರೆ, ಅಮೈನೋ ಆಮ್ಲಗಳನ್ನು ಒಳಗೆಳೆಯುವ ವಾಹಕಗಳೂ ಅಲ್ಲಿಲ್ಲ. ಮದ್ಯ, ಆಸ್ಪಿರಿನ್‌ನಂಥ ಕೆಲವು ವಸ್ತುಗಳು ಮಾತ್ರ ಒಂದಿಷ್ಟು ಜಠರದಿಂದಲೇ ರಕ್ತಕ್ಕೆ ಸೇರುತ್ತವೆ.

ಸಣ್ಣಕರುಳಿನ ರಚನೆ

ಹೆಸರು ಸಣ್ಣಕರುಳೆಂದಿದ್ದರೂ ಸಣ್ಣದಿರುವುದು ಅಗಲ ಮಾತ್ರ. ಬದುಕಿರುವ ಮನುಷ್ಯನಲ್ಲಿ ಇದರ ಉದ್ದ ಸುಮಾರು 3ರಿಂದ 5 ಮೀಟರ್. ಸತ್ತ ಮೇಲೆ ಸ್ನಾಯು ಸಡಿಲಗೊಂಡು 6-7 ಮೀಟರಿಗೆ ಹಿಗ್ಗುತ್ತದೆ. ಹಳೆಯ ಪಠ್ಯಗಳು ಕೊಡುವ ಉದ್ದ ಈ ಎರಡನೆಯದು. ಮೊದಲ 25 ಸೆಂಟಿಮೀಟರ್ ಡಿಯೋಡಿನಮ್. ಮೇದೋಜೀರಕ ರಸ ಮತ್ತು ಪಿತ್ತರಸ ಇಲ್ಲಿಗೆ ಬಂದು ಬೀಳುತ್ತವೆ. ಉಳಿದುದರಲ್ಲಿ ಮೇಲಿನ ಐದನೇ ಎರಡು ಭಾಗ ಜೆಜುನಮ್, ಕೆಳಗಿನ ಐದನೇ ಮೂರು ಭಾಗ ಇಲಿಯಮ್.

ಒಳಮೈಯನ್ನು ಅರ್ಥಮಾಡಿಕೊಳ್ಳಲು ಒಂದು ಲೆಕ್ಕ ಸಾಕು. ಮೂರು ಮೀಟರ್ ಉದ್ದದ, ಎರಡೂವರೆ ಸೆಂಟಿಮೀಟರ್ ಅಗಲದ ನುಣುಪು ಕೊಳವೆಯ ಒಳಮೈ ಕಾಲು ಚದರ ಮೀಟರೂ ಆಗುವುದಿಲ್ಲ. ಬಿಡಿಸಿಟ್ಟ ದಿನಪತ್ರಿಕೆಗಿಂತ ಕಡಿಮೆ. ಕರುಳು ನುಣುಪಾಗಿಲ್ಲ. ಅದರ ಒಳಗೋಡೆ ಅಡ್ಡಡ್ಡಲಾಗಿ ಮಡಿಕೆ ಬಿದ್ದಿದೆ. ಮಡಿಕೆಯ ಮೇಲೆಲ್ಲ ಟರ್ಕಿ ಟವೆಲಿನ ಎಳೆಗಳಂತೆ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ ವಿಲ್ಲೈಗಳು ಎದ್ದು ನಿಂತಿವೆ. ಒಂದೊಂದು ವಿಲ್ಲೈಯನ್ನು ಹೊದ್ದಿರುವ ಕೋಶಗಳ ಹೊರಮೈಯಲ್ಲಿ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಸೂಕ್ಷ್ಮವಿಲ್ಲೈಗಳು ಬ್ರಶ್ಶಿನ ಕೂದಲಿನಂತೆ ಒತ್ತಾಗಿವೆ. ಈ ಹೊರಮೈಗೆ ಬ್ರಶ್ ಅಂಚು ಎಂದು ಹೆಸರು.

ಈ ಮೂರು ಮಟ್ಟದ ಮಡಿಕೆಯಿಂದ ಮೇಲ್ಮೈ ಎಷ್ಟಾಗುತ್ತದೆ ಎಂಬ ಬಗ್ಗೆ ಪಠ್ಯಗಳಲ್ಲಿ ಒಂದು ತಪ್ಪು ಗಟ್ಟಿಯಾಗಿ ಕೂತಿದೆ. ಟೆನಿಸ್ ಅಂಕಣದಷ್ಟು, ಅಂದರೆ 200 ಚದರ ಮೀಟರಿಗೂ ಹೆಚ್ಚು ಎನ್ನುವುದು ರೂಢಿ. 2014ರಲ್ಲಿ ಸ್ವೀಡನ್ನಿನ ಹೆಲಾಂಡರ್ ಮತ್ತು ಫ್ಯಾಂಡ್ರಿಕ್ಸ್ ಮತ್ತೆ ಅಳೆದು ಪ್ರಕಟಿಸಿದ ಪ್ರಕಾರ ಸಣ್ಣಕರುಳಿನ ಒಳಮೈ ಸುಮಾರು 30 ಚದರ ಮೀಟರ್, ದೊಡ್ಡಕರುಳಿನದು ಸುಮಾರು 2. ಟೆನಿಸ್ ಅಂಕಣ ಹೋಗಿ ಅರ್ಧ ಬ್ಯಾಡ್ಮಿಂಟನ್ ಅಂಕಣವಾಯಿತು. ಆದರೂ ನುಣುಪು ಕೊಳವೆಗೆ ಹೋಲಿಸಿದರೆ ಇದು ನೂರು ಪಟ್ಟಿಗೂ ಮಿಕ್ಕು.

ವಿಲ್ಲೈಯ ಒಳಗೆ ಸೂಕ್ಷ್ಮ ರಕ್ತನಾಳಗಳ ಬಲೆ, ನಟ್ಟನಡುವೆ ಒಂದು ದುಗ್ಧನಾಳ ಇರುತ್ತವೆ. ಹೊರಗಿನ ಆಹಾರಕ್ಕೂ ಒಳಗಿನ ರಕ್ತಕ್ಕೂ ನಡುವೆ ನಿಂತಿರುವುದು ಮುಖ್ಯವಾಗಿ ಒಂದೇ ಸಾಲು ಕೋಶ. ಈ ಕೋಶಗಳು ವಿಲ್ಲೈಗಳ ಬುಡದ ಕುಳಿಗಳಲ್ಲಿ ಹುಟ್ಟಿ, ಮೇಲೇರುತ್ತಾ ಬಲಿತು, ತುದಿಗೆ ಬಂದು ಉದುರಿಹೋಗುತ್ತವೆ. ಇದಕ್ಕೆ ಮೂರರಿಂದ ಐದು ದಿನ. ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿ ಬೇಗ ವಿಭಜಿಸುವ ಕೋಶಗಳನ್ನು ಹೊಡೆಯುವುದರಿಂದ ಇವುಗಳಿಗೂ ಪೆಟ್ಟು ಬಿದ್ದು ಭೇದಿಯಾಗುತ್ತದೆ.

ಹೀರಿಕೆಯ ವಿಧಗಳು

ಮೇಲ್ಮೈ ದೊಡ್ಡದಿರುವುದೊಂದೇ ಹೀರಿಕೆಗೆ ಕಾರಣವಲ್ಲ. ಒಡೆಯುವ ಕೊನೆಯ ಹೆಜ್ಜೆಯೂ ಒಳಗೆಳೆಯುವ ಬಾಗಿಲೂ ಒಂದೇ ಕೋಶದ ಒಂದೇ ಅಂಚಿನಲ್ಲಿ ಅಕ್ಕಪಕ್ಕ ಇರುವುದು ಸಣ್ಣಕರುಳಿನ ವಿಶೇಷ. ಅನ್ನದ ಪಿಷ್ಟವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಆಮ್ಲ ಬೆರೆತ ಗಂಜಿ ಡಿಯೋಡಿನಮ್‌ಗೆ ಬಂದಾಗ ಸೆಕ್ರೆಟಿನ್ ಹೊರಡುತ್ತದೆ, ಮೇದೋಜೀರಕ ಗ್ರಂಥಿ ಬೈಕಾರ್ಬೊನೇಟ್ ಸುರಿಸಿ ಆಮ್ಲವನ್ನು ತಗ್ಗಿಸುತ್ತದೆ. ಅದೇ ಗ್ರಂಥಿಯ ಅಮೈಲೇಸ್ ಪಿಷ್ಟವನ್ನು ಎರಡು ಮೂರು ಗ್ಲೂಕೋಸ್ ಕೊಂಡಿಗಳ ತುಣುಕಿಗೆ ತರುತ್ತದೆ. ಈ ತುಣುಕುಗಳೂ ಗೋಡೆ ದಾಟಲಾರವು. ಬ್ರಶ್ ಅಂಚಿನಲ್ಲೇ ನೆಟ್ಟಿರುವ ಮಾಲ್ಟೇಸ್ ಮೊದಲಾದ ಕಿಣ್ವಗಳು ಅವನ್ನು ಬಿಡಿ ಗ್ಲೂಕೋಸ್ ಮಾಡುತ್ತವೆ. ಪಕ್ಕದಲ್ಲೇ ಇರುವ ಎಸ್‌ಜಿಎಲ್‌ಟಿ-1 ಎಂಬ ವಾಹಕ ಅದನ್ನು ಎತ್ತಿಕೊಳ್ಳುತ್ತದೆ. ಒಂದು ಗ್ಲೂಕೋಸಿನ ಜತೆಗೆ ಎರಡು ಸೋಡಿಯಂ ಅಯಾನುಗಳೂ ಬಂದರಷ್ಟೇ ಈ ವಾಹಕ ತಿರುಗುತ್ತದೆ. ಒಳಬಂದ ಸೋಡಿಯಮನ್ನು ಕೋಶದ ಇನ್ನೊಂದು ಮಗ್ಗುಲಿನ ಪಂಪು ಶಕ್ತಿ ವ್ಯಯಿಸಿ ಹೊರಗೆ ಎಸೆಯುತ್ತಿರುತ್ತದೆ. ಆದ್ದರಿಂದ ಕೋಶದೊಳಗೆ ಸೋಡಿಯಂ ಸದಾ ಕಡಿಮೆ, ಹೊರಗಿನಿಂದ ಒಳಕ್ಕೆ ಅದರ ಎಳೆತ ಸದಾ ಇರುತ್ತದೆ. ಗ್ಲೂಕೋಸ್ ಆ ಎಳೆತದ ಬೆನ್ನೇರಿ ಬರುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಸಾಗುತ್ತವೆ ಎಂಬ ಸಿದ್ಧಾಂತವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದ.

ಬೇಳೆಯ ಪ್ರೋಟೀನಿನ ಕಥೆಯಲ್ಲಿ ಒಂದು ಎಚ್ಚರಿಕೆಯ ವ್ಯವಸ್ಥೆ ಸೇರಿದೆ. ಮೇದೋಜೀರಕ ಗ್ರಂಥಿ ಟ್ರಿಪ್ಸಿನ್ ಕಿಣ್ವವನ್ನು ನಿಷ್ಕ್ರಿಯ ರೂಪದಲ್ಲಿ ಕಳಿಸುತ್ತದೆ. ಅದನ್ನು ಚುರುಕುಗೊಳಿಸುವ ಎಂಟರೊಕೈನೇಸ್ ಇರುವುದು ಡಿಯೋಡಿನಮ್‌ನ ಗೋಡೆಯಲ್ಲಿ. ಗ್ರಂಥಿಯೊಳಗೇ ಟ್ರಿಪ್ಸಿನ್ ಚುರುಕಾದರೆ ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳುತ್ತದೆ. ತೀವ್ರ ಪ್ಯಾಂಕ್ರಿಯಟೈಟಿಸ್‌ನಲ್ಲಿ ಆಗುವುದು ಇದೇ. ಒಡೆದ ಪ್ರೋಟೀನು ಬಿಡಿ ಅಮೈನೋ ಆಮ್ಲಗಳಾಗಿಯೂ, ಎರಡು ಮೂರು ಅಮೈನೋ ಆಮ್ಲಗಳ ತುಣುಕುಗಳಾಗಿಯೂ ಒಳಸೇರುತ್ತದೆ. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ರಕ್ತನಾಳಕ್ಕೆ ಇಳಿದು ಮೊದಲು ಯಕೃತ್ತಿಗೆ ಹೋಗುತ್ತವೆ.

ತುಪ್ಪದ ದಾರಿ ಬೇರೆ. ನೀರಿನಲ್ಲಿ ಕರಗದ ಕೊಬ್ಬನ್ನು ಪಿತ್ತರಸದ ಲವಣಗಳು ಎಣ್ಣೆಪಾತ್ರೆಗೆ ಸೋಪು ಹಾಕಿದಂತೆ ಸಣ್ಣ ಹನಿಗಳಾಗಿ ಒಡೆಯುತ್ತವೆ. ಹನಿಯ ಮೇಲೆ ಲೈಪೇಸ್ ಕಿಣ್ವ ಕೆಲಸ ಮಾಡುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳನ್ನು ಪಿತ್ತಲವಣಗಳೇ ಇನ್ನೂ ಸೂಕ್ಷ್ಮ ಕಣಗಳಲ್ಲಿ ಹೊತ್ತು ಬ್ರಶ್ ಅಂಚಿಗೆ ತಲುಪಿಸುತ್ತವೆ. ಕೋಶದ ಒಳಹೊಕ್ಕ ಮೇಲೆ ಅವು ಮತ್ತೆ ಕೊಬ್ಬಾಗಿ ಜೋಡಣೆಯಾಗಿ, ಪ್ರೋಟೀನಿನ ಹೊದಿಕೆ ಹೊದ್ದು, ಕೈಲೊಮೈಕ್ರಾನ್ ಎಂಬ ಉಂಡೆಗಳಾಗುತ್ತವೆ. ರಕ್ತದ ಲೋಮನಾಳಕ್ಕೆ ನುಗ್ಗಲು ಇವು ದಪ್ಪ. ಹಾಗಾಗಿ ದುಗ್ಧನಾಳ ಹಿಡಿದು, ಎದೆಯೊಳಗೆ ಮೇಲೇರಿ, ಎಡಕುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತವೆ. ಅಸೆಲ್ಲಿ ಕಂಡ ಬಿಳಿಯ ಎಳೆಗಳಲ್ಲಿ ಹರಿಯುತ್ತಿದ್ದದ್ದು ಇವೇ.

ಪೋಷಕಾಂಶಗಳೆಲ್ಲ ಎಲ್ಲೆಂದರಲ್ಲಿ ಒಳಸೇರುವುದಿಲ್ಲ. ಕಬ್ಬಿಣಾಂಶಕ್ಕೆ ಡಿಯೋಡಿನಮ್ ಮುಖ್ಯ. ರಾಗಿ, ಬೇಳೆಗಳಲ್ಲಿನ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿಸಿದರೆ ಫೈಟೇಟ್ ತಗ್ಗುತ್ತದೆ, ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಸುಲಭವಾಗಿ ಸೇರುತ್ತದೆ, ಊಟದೊಡನೆ ಕುಡಿದ ಚಹಾ ಅಡ್ಡಿಮಾಡುತ್ತದೆ. ಪಿಷ್ಟ, ಪ್ರೋಟೀನು, ಕೊಬ್ಬುಗಳ ಬಹುಪಾಲು ಜೆಜುನಮ್‌ನ ಮೊದಲ ಒಂದು ಒಂದೂವರೆ ಮೀಟರಿನಲ್ಲೇ ಮುಗಿದುಹೋಗುತ್ತದೆ. ವಿಟಮಿನ್ ಬಿ12 ಮತ್ತು ಪಿತ್ತಲವಣಗಳಿಗೆ ಮಾತ್ರ ಇಲಿಯಮ್‌ನ ಕೊನೆಯ ಭಾಗದಲ್ಲೇ ವಾಹಕಗಳಿವೆ.

ಇಷ್ಟಕ್ಕೆಲ್ಲ ಸಮಯ ಬೇಕು. ಕರುಳು ಆಹಾರವನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಹಿಸುಕಿ ಹಿಂದೆ ಮುಂದೆ ಆಡಿಸುತ್ತದೆ, ಡಿಯೋಡಿನಮ್‌ನಲ್ಲಿ ನಿಮಿಷಕ್ಕೆ ಸುಮಾರು ಹನ್ನೆರಡು ಸಲ. ಇದರಿಂದ ಪ್ರತಿ ತೊಟ್ಟೂ ಗೋಡೆಗೆ ತಾಗುತ್ತದೆ. ದಾಟಲು ಮೂರರಿಂದ ಐದು ಗಂಟೆ ಹಿಡಿಯುತ್ತದೆ. ಹಸಿದಿರುವಾಗ ಮಾತ್ರ ಒಂದೂವರೆ ಎರಡು ಗಂಟೆಗೊಮ್ಮೆ ಉದ್ದಕ್ಕೂ ಗುಡಿಸಿಕೊಂಡು ಹೋಗುವ ಅಲೆ ಏಳುತ್ತದೆ. ಹೊಟ್ಟೆ ಗುರುಗುಟ್ಟುವ ಸದ್ದಿನಲ್ಲಿ ಅದರದೂ ಪಾಲಿದೆ.

ದೊಡ್ಡಕರುಳಿಗೆ ಬಂದಾಗ ಉಳಿದಿರುವುದು ನಾರು, ನೀರು, ಒಂದಿಷ್ಟು ಅರಗದ ಪಿಷ್ಟ. ಅಲ್ಲಿ ವಿಲ್ಲೈಗಳಿಲ್ಲ. ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸಿ ಕೊಡುವ ಸಣ್ಣ ಕೊಬ್ಬಿನಾಮ್ಲಗಳನ್ನೂ ನೀರು, ಉಪ್ಪನ್ನೂ ದೊಡ್ಡಕರುಳು ಹೀರಿಕೊಳ್ಳುತ್ತದೆ.

ಚಿಕಿತ್ಸೆಯಲ್ಲಿ ಬಳಕೆ: ಓಆರ್‌ಎಸ್

ದಿನಕ್ಕೆ ಕುಡಿಯುವ ಎರಡು ಲೀಟರ್ ನೀರಿನ ಜತೆಗೆ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ ಮತ್ತು ಕರುಳಿನದೇ ರಸ ಸೇರಿ ಸುಮಾರು ಏಳು ಲೀಟರ್ ಕರುಳಿಗೆ ಸುರಿಯುತ್ತದೆ. ಒಟ್ಟು ಒಂಬತ್ತು ಲೀಟರಿನಲ್ಲಿ ಮಲದೊಂದಿಗೆ ಹೊರಹೋಗುವುದು ನೂರಿನ್ನೂರು ಮಿಲಿಲೀಟರ್ ಮಾತ್ರ. ಕಾಲರಾದ ವಿಷ ಈ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಕರುಳಿನ ಕೋಶಗಳು ಉಪ್ಪುನೀರನ್ನು ಒಂದೇ ಸಮನೆ ಹೊರಸುರಿಸುತ್ತವೆ, ಕುಡಿದ ನೀರು ಒಳಸೇರುವುದಿಲ್ಲ. ಆದರೆ ಸೋಡಿಯಂ-ಗ್ಲೂಕೋಸ್ ಜೋಡಿಯ ಬಾಗಿಲಿಗೆ ಆ ವಿಷ ತಾಗುವುದಿಲ್ಲ. ಆ ಬಾಗಿಲಿನಿಂದ ಉಪ್ಪು-ಸಕ್ಕರೆ ಒಳಹೋದರೆ ನೀರೂ ಹಿಂಬಾಲಿಸುತ್ತದೆ.

1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು-ಸಕ್ಕರೆಯ ದ್ರಾವಣವನ್ನು ಬಾಯಿಗೇ ಕುಡಿಸಿದರು. ಸಾವಿನ ಪ್ರಮಾಣ ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ಈಗಿನ ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಗ್ಲೂಕೋಸ್ ಮತ್ತು ಸೋಡಿಯಂ ಅಣುಗಳ ಲೆಕ್ಕದಲ್ಲಿ ಸಮವಾಗಿವೆ. ಪೊಟ್ಟಣವಿಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀಚಮಚ ಸಕ್ಕರೆ, ಅರ್ಧ ಮಟ್ಟ ಟೀಚಮಚ ಉಪ್ಪು ಎಂಬ ಅಳತೆ ರೂಢಿಯಲ್ಲಿದೆ. ಸಕ್ಕರೆ ಹೆಚ್ಚಾದರೆ ಅದು ಕರುಳಿನೊಳಕ್ಕೇ ನೀರನ್ನು ಸೆಳೆದು ಭೇದಿ ಜಾಸ್ತಿಯಾಗುತ್ತದೆ. ತಂಪುಪಾನೀಯ ಓಆರ್‌ಎಸ್‌ಗೆ ಬದಲಿಯಲ್ಲದಿರುವುದು ಈ ಕಾರಣಕ್ಕೆ.

ಹೀರಿಕೆಯ ದೋಷಗಳು

ಹೀರಿಕೆ ಕೆಟ್ಟಾಗ ಯಾವ ಭಾಗ ಹಾಳಾಗಿದೆ ಎಂಬುದನ್ನು ಲಕ್ಷಣಗಳೇ ಸೂಚಿಸುತ್ತವೆ. ಭಾರತದಲ್ಲಿ ಕರುಳಿನ ಕ್ಷಯ ಹೆಚ್ಚಾಗಿ ಹಿಡಿಯುವುದು ಇಲಿಯಮ್ ದೊಡ್ಡಕರುಳಿಗೆ ಸೇರುವ ತಾವನ್ನು. ಕರುಳು ಕಟ್ಟಿಕೊಂಡರೆ ಆ ತುಂಡನ್ನು ಕತ್ತರಿಸಿ ತೆಗೆಯಬೇಕಾಗಬಹುದು. ತೆಗೆದ ಇಲಿಯಮ್ ಒಂದು ಮೀಟರಿಗಿಂತ ಕಡಿಮೆಯಿದ್ದರೆ, ಹಿಂದಿರುಗದ ಪಿತ್ತಲವಣಗಳು ದೊಡ್ಡಕರುಳಿಗೆ ಬಿದ್ದು ಅದನ್ನು ಕೆರಳಿಸುತ್ತವೆ. ಊಟವಾದ ಮೇಲೆ ನೀರಾದ ಭೇದಿ. ಅದಕ್ಕಿಂತ ಹೆಚ್ಚು ಹೋಗಿದ್ದರೆ ಯಕೃತ್ತು ನಷ್ಟ ತುಂಬಿಕೊಡಲಾರದು. ಸಾಮಾನ್ಯವಾಗಿ ಪಿತ್ತಲವಣದ ಶೇ. 95ರಷ್ಟು ಇಲಿಯಮ್‌ನಿಂದಲೇ ಮರಳಿ ಬಳಕೆಯಾಗುವಂಥದ್ದು. ಆ ನಷ್ಟದಿಂದಾಗಿ ಕೊಬ್ಬು ಅರಗದೆ ಮಲ ಜಿಡ್ಡಾಗಿ, ಬಿಳಿಚಿ, ದುರ್ನಾತ ಬೀರಿ, ನೀರು ಸುರಿದರೂ ಪಾತ್ರೆಗೆ ಅಂಟಿಕೊಳ್ಳುತ್ತದೆ. ಬಿ12 ಕೊರತೆ ತಕ್ಷಣ ಕಾಣಿಸದು. ಯಕೃತ್ತಿನ ದಾಸ್ತಾನು ಹಲವು ವರ್ಷ ಬರುವುದರಿಂದ, ಶಸ್ತ್ರಚಿಕಿತ್ಸೆ ಮರೆತುಹೋದ ಕಾಲಕ್ಕೆ ರಕ್ತಹೀನತೆ, ಪಾದಗಳ ಜೋಮು ಶುರುವಾಗುತ್ತವೆ.

ಸೀಲಿಯಾಕ್ ರೋಗದಲ್ಲಿ ಗೋಧಿಯ ಗ್ಲೂಟನ್ ವಿರುದ್ಧ ದೇಹವೇ ತಿರುಗಿಬಿದ್ದು ಡಿಯೋಡಿನಮ್‌ನ ವಿಲ್ಲೈಗಳು ಚಪ್ಪಟೆಯಾಗುತ್ತವೆ. ಭೇದಿಯಿಲ್ಲದೆ ಬರೀ ಕಬ್ಬಿಣದ ಕೊರತೆಯ ರಕ್ತಹೀನತೆಯಾಗಿಯೇ ಇದು ತೋರಬಹುದು. ರಕ್ತದಲ್ಲಿ ಪ್ರತಿಕಾಯ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನ ಪರೀಕ್ಷೆಯಿಂದ ಇದು ಖಚಿತವಾಗುತ್ತದೆ. ರಾಗಿ, ಜೋಳ, ಅಕ್ಕಿಗಳಲ್ಲಿ ಗ್ಲೂಟನ್ ಇಲ್ಲ. ದಕ್ಷಿಣ ಭಾರತದಲ್ಲಿ ಕಂಡುಬರುತ್ತಿದ್ದ ಟ್ರಾಪಿಕಲ್ ಸ್ಪ್ರೂ ಕೂಡ ವಿಲ್ಲೈಗಳನ್ನು ಕುಗ್ಗಿಸುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಇದರ ಬಗ್ಗೆ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬಹಳ ಸಾಮಾನ್ಯ. ಬ್ರಶ್ ಅಂಚಿನ ಲ್ಯಾಕ್ಟೇಸ್ ಕಿಣ್ವ ದೊಡ್ಡವರಾದ ಮೇಲೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಒಡೆಯದ ಹಾಲಿನ ಸಕ್ಕರೆ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗಿ ಅನಿಲವಾಗುತ್ತದೆ. ಆ ಹೈಡ್ರೋಜನ್ ಉಸಿರಿನಲ್ಲೂ ಬರುವುದರಿಂದ ಉಸಿರು ಅಳೆದು ಇದನ್ನು ಪತ್ತೆಹಚ್ಚುತ್ತಾರೆ. ಮೊಸರು, ಮಜ್ಜಿಗೆ ಇಂಥವರಿಗೂ ಒಗ್ಗುವುದುಂಟು; ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ಮುಗಿಸಿರುತ್ತದೆ.

ಈಗಿನ ಸ್ಥಿತಿ

ಸಣ್ಣಕರುಳಿಗೆ ಉಳಿಕೆ ಸಾಮರ್ಥ್ಯ ಬಹಳ. ಅರ್ಧದಷ್ಟು ತೆಗೆದರೂ ಉಳಿದ ಭಾಗ ತಿಂಗಳುಗಳಲ್ಲಿ ಅಗಲವಾಗಿ, ವಿಲ್ಲೈಗಳು ಉದ್ದವಾಗಿ ಹೊಂದಿಕೊಳ್ಳುತ್ತದೆ. ಈ ವಿಷಯದಲ್ಲಿ ಇಲಿಯಮ್ ಜೆಜುನಮ್‌ಗಿಂತ ಮುಂದು; ಜೆಜುನಮ್ ಹೋದರೆ ಅದರ ಕೆಲಸವನ್ನು ಇಲಿಯಮ್ ಕಲಿಯುತ್ತದೆ, ಬಿ12 ಮತ್ತು ಪಿತ್ತಲವಣಗಳ ಕೆಲಸವನ್ನು ಜೆಜುನಮ್ ಕಲಿಯುವುದಿಲ್ಲ. ಉಳಿದ ಉದ್ದ ಎರಡು ಮೀಟರಿಗಿಂತ ಕಡಿಮೆಯಾದಾಗ ಮೊಟಕುಕರುಳಿನ ತೊಂದರೆ ಎನ್ನುತ್ತಾರೆ. ಅಂಥವರಲ್ಲಿ ಹಲವರಿಗೆ ವರ್ಷಗಟ್ಟಲೆ ರಕ್ತನಾಳದ ಮೂಲಕವೇ ಆಹಾರ ಕೊಡಬೇಕಾಗುತ್ತದೆ, ಕೆಲವರಿಗೆ ಕರುಳಿನ ಕಸಿ ಮಾಡುತ್ತಾರೆ. ಕರುಳೇ ಬಿಡುವ ಜಿಎಲ್‌ಪಿ-2 ಎಂಬ ಹಾರ್ಮೋನು ವಿಲ್ಲೈಗಳನ್ನು ಬೆಳೆಸುತ್ತದೆ. ಅದನ್ನೇ ಹೋಲುವ ಟೆಡುಗ್ಲುಟೈಡ್ ಎಂಬ ಚುಚ್ಚುಮದ್ದಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.